ಸುತ್ತೋಲೆಯಲ್ಲಿ ಯಾವ ಇಂಗ್ಲಿಷ್ ಪದ ಉಳಿಸಬೇಕು, ಯಾವುದನ್ನು ಕನ್ನಡ ಮಾಡಬೇಕು: ಒಂದು ಬೆಳೆ ಪರಿಹಾರ ಸುತ್ತೋಲೆ ಹಿಡಿದು ಹಂತ ಹಂತವಾಗಿ

ಕನ್ನಡದಲ್ಲೇ ಬರೆದ ಸುತ್ತೋಲೆ ಅರ್ಥವಾಗಲಿಲ್ಲ ಅಂತ ಕಚೇರಿಗೆ ಫೋನ್ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮೇಲಿನ ಕಚೇರಿಯ ಇಂಗ್ಲಿಷ್ ಪತ್ರವನ್ನು ಹಾಗೇ ಕನ್ನಡ ಲಿಪಿಗೆ ಇಳಿಸಿ, ಕೊನೆಗೆ ‘ಮಾಡುವುದು’ ಅಂತ ಸೇರಿಸಿ ಕಳಿಸಿರುತ್ತೇವೆ. ಇನ್ನೊಂದು, ಪದಕೋಶ ಪಕ್ಕದಲ್ಲಿಟ್ಟುಕೊಂಡು ಒಂದು ಪದವನ್ನೂ ಬಿಡದೆ ಕನ್ನಡ ಮಾಡಿರುತ್ತೇವೆ. ಎರಡರಲ್ಲೂ ತಪ್ಪು ಒಂದೇ. ಈ ಪದವನ್ನು ಓದಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಯಾವ ಪದ ಅವರ ಕಣ್ಣಿಗೆ ಬೀಳುತ್ತದೆ ಎಂದು ನೋಡಿಲ್ಲ.

ಇಲ್ಲಿ ಒಂದೇ ಸುತ್ತೋಲೆ ಹಿಡಿದು ಹೋಗೋಣ. ಜಗಳೂರು ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದೆ, ಬೆಳೆ ಪರಿಹಾರ ಮಂಜೂರಾಗಿದೆ, ಆದರೆ ಕೆಲವು ರೈತರಿಗೆ ಹಣ ಬಿದ್ದಿಲ್ಲ ಅಂತ ಇಟ್ಟುಕೊಳ್ಳಿ. ಜಿಲ್ಲಾ ಕಚೇರಿಯಿಂದ ಬಂದ ಪತ್ರವನ್ನು ಕನ್ನಡಕ್ಕೆ ತಂದು ತಾಲ್ಲೂಕಿನಿಂದ ಸುತ್ತೋಲೆ ಹೊರಡಿಸಬೇಕು. ಗುಮಾಸ್ತರ ಮೊದಲ ಕರಡು ಹೀಗಿದೆ:

> ಪೆಂಡಿಂಗ್ ಇರುವ ಬೆನಿಫಿಷಿಯರಿಗಳ ಆಧಾರ್ ಸೀಡಿಂಗ್ ಹಾಗೂ ಎನ್‌ಪಿಸಿಐ ಮ್ಯಾಪಿಂಗ್ ಕಂಪ್ಲೀಟ್ ಮಾಡಿಸಿ, ಲ್ಯಾಂಡ್ ಪಾರ್ಸೆಲ್ ಮಿಸ್‌ಮ್ಯಾಚ್ ಕೇಸ್‌ಗಳನ್ನು ವೆರಿಫೈ ಮಾಡಿ ಕಂಪ್ಲಯನ್ಸ್ ಸಲ್ಲಿಸುವುದು.

ಇದನ್ನು ತಿದ್ದಿ ಅಂದಾಗ ಬಂದ ಎರಡನೇ ಕರಡು:

> ಬಾಕಿಯಿರುವ ಫಲಾನುಭವಿಗಳ ಆಧಾರ್ ಜೋಡಣೆ ಹಾಗೂ ರಾಷ್ಟ್ರೀಯ ಪಾವತಿ ನಿಗಮದ ಜೋಡಣೆಯನ್ನು ಪೂರ್ಣಗೊಳಿಸಿ, ಭೂಭಾಗ ಅಸಾಮ್ಯತೆಯ ಪ್ರಕರಣಗಳನ್ನು ದೃಢೀಕರಿಸಿ ಅನುಪಾಲನೆ ಸಲ್ಲಿಸತಕ್ಕದ್ದು.

ನೋಡಲು ಎರಡನೆಯದು ಅಚ್ಚ ಸರ್ಕಾರಿ ಕನ್ನಡ. ಆದರೆ ಮೊದಲನೆಯದಕ್ಕಿಂತ ಇದೇ ಜಾಸ್ತಿ ಅಪಾಯದ್ದು. ಯಾಕೆ ಅನ್ನುವುದು 4ನೇ ಹಂತದಲ್ಲಿ ಗೊತ್ತಾಗುತ್ತದೆ.

## ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದವು

ಪದಕೋಶ ಒಂದೇ ಸಾಲದು. ನಾಲ್ಕು ವಸ್ತು ಬೇಕು. ಮೇಲಿನ ಕಚೇರಿಯಿಂದ ಬಂದ ಮೂಲ ಪತ್ರ. ಅದರಲ್ಲಿ ಕಾಯ್ದೆಯ ಹೆಸರು ಬಂದಿದ್ದರೆ ಆ ಕಾಯ್ದೆಯ ಕನ್ನಡ ಪಠ್ಯ. ರಾಜ್ಯದ ಅನೇಕ ಕಾಯ್ದೆಗಳ ಕನ್ನಡ ಪಠ್ಯ ಸಂಸದೀಯ ವ್ಯವಹಾರಗಳ ಇಲಾಖೆಯ dpal.karnataka.gov.in ತಾಣದಲ್ಲಿ ಸಿಗುತ್ತದೆ. ಓದುಗರ ಕೈಗೆ ಬರುವ ಕಾಗದಗಳು, ಅಂದರೆ ಒಂದು ಪಹಣಿ, ಒಂದು ಬ್ಯಾಂಕ್ ಪಾಸ್‌ಬುಕ್, ಒಂದು ಖಾಲಿ ಅರ್ಜಿ. ಕೊನೆಯದಾಗಿ, ಇದೇ ವಿಷಯದ ಮೇಲೆ ನಿಮ್ಮ ಕಚೇರಿ ಹಿಂದೆ ಹೊರಡಿಸಿದ ಸುತ್ತೋಲೆ. ಪದಕೋಶ ಇವೆಲ್ಲದರ ನಂತರ.

## ಹಂತ 1: ಓದುವವರು ಯಾರು, ಓದಿ ಏನು ಮಾಡಬೇಕು ಎಂದು ಮೊದಲು ಬರೆದುಕೊಳ್ಳಿ

ಕರಡಿನ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಎರಡು ಸಾಲು ಸಾಕು. ನಮ್ಮ ಉದಾಹರಣೆಯಲ್ಲಿ ಓದುವವರು ಇಬ್ಬರು. ಗ್ರಾಮ ಆಡಳಿತ ಅಧಿಕಾರಿ ಪಟ್ಟಿ ನೋಡಿ ಪಹಣಿಯ ಜೊತೆ ತಾಳೆ ಹಾಕಬೇಕು. ರೈತರು ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು.

ಇಬ್ಬರ ಕೆಲಸ ಬೇರೆ ಆದ್ದರಿಂದ ಪದಗಳೂ ಬೇರೆ. ಒಂದೇ ಕಾಗದದಲ್ಲಿ ಇಬ್ಬರಿಗೂ ಹೇಳಲು ಹೋದರೆ ಯಾವ ಪದ ಇಟ್ಟರೂ ಒಬ್ಬರಿಗೆ ತೊಡಕು. ಹೀಗಾದಾಗ ಸಿಬ್ಬಂದಿಗೆ ಸುತ್ತೋಲೆ, ಜನರಿಗೆ ಪ್ರಕಟಣೆ ಅಂತ ಎರಡು ಮಾಡಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ. ಪಂಚಾಯಿತಿ ಬೋರ್ಡಿಗೆ ಸಿಬ್ಬಂದಿಯ ಸುತ್ತೋಲೆಯನ್ನೇ ಅಂಟಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ, ಅದನ್ನು ಬಿಡಬೇಕು.

## ಹಂತ 2: ಪದಗಳಿಗೆ ಗೆರೆ ಎಳೆದು, ಓದುಗರು ಅದನ್ನು ಎಲ್ಲಿ ಕಾಣುತ್ತಾರೆ ಎಂದು ಗುರುತು ಹಾಕಿ

ಮೂಲ ಪತ್ರದ ಪ್ರತಿ ತಾಂತ್ರಿಕ ಪದಕ್ಕೂ ಗೆರೆ ಎಳೆಯಿರಿ. ಅನುವಾದ ಈಗಲೇ ಬೇಡ. ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ. ಕಾಯ್ದೆಯಲ್ಲಿ ಇದ್ದರೆ ‘ಕಾ’. ಕಂಪ್ಯೂಟರ್ ಪರದೆ, ಮೊಬೈಲ್ ಅಥವಾ ಪಾಸ್‌ಬುಕ್‌ನಂಥ ಅಚ್ಚಾದ ಕಾಗದದ ಮೇಲೆ ಕಾಣುವುದಾದರೆ ‘ಪ’. ಜನ ದಿನಾ ಬಾಯಲ್ಲಿ ಆಡುವ ಪದವಾದರೆ ‘ಬಾ’. ಎಲ್ಲೂ ಕಾಣದ, ಬರೀ ಪತ್ರದ ಭಾಷೆಯಲ್ಲಿ ಬರುವ ಪದವಾದರೆ ‘ಸು’, ಅಂದರೆ ಸುಮ್ನೆ ಬಂದದ್ದು.

ನಮ್ಮ ಕರಡಿನಲ್ಲಿ ಪೆಂಡಿಂಗ್, ಕಂಪ್ಲೀಟ್, ವೆರಿಫೈ, ಕಂಪ್ಲಯನ್ಸ್, ಮಿಸ್‌ಮ್ಯಾಚ್ ಎಲ್ಲವೂ ‘ಸು’. ರೈತರಾಗಲಿ ಗ್ರಾಮ ಆಡಳಿತ ಅಧಿಕಾರಿಯಾಗಲಿ ಇವನ್ನು ಯಾವ ಕೌಂಟರ್‌ನಲ್ಲೂ ಹೇಳಬೇಕಿಲ್ಲ. ಇವುಗಳನ್ನು ಕನ್ನಡ ಮಾಡಲು ಯೋಚನೆಯೇ ಬೇಡ: ಬಾಕಿ, ಮುಗಿಸಿ, ಪರಿಶೀಲಿಸಿ, ಅನುಪಾಲನಾ ವರದಿ, ತಾಳೆಯಾಗದ. ಮೊದಲ ಕರಡಿನ ಇಂಗ್ಲಿಷ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥದ್ದೇ. ತಾಂತ್ರಿಕ ಪದ ಉಳಿಸಿದ್ದೇವೆ ಅಂತ ಹೇಳಿಕೊಂಡು ನಾವು ಉಳಿಸುವುದು ಹೆಚ್ಚಾಗಿ ಈ ಸಾಮಾನ್ಯ ಪದಗಳನ್ನೇ, ಅಲ್ವಾ?

## ಹಂತ 3: ಈ ಕ್ರಮದಲ್ಲೇ ತೀರ್ಮಾನ ಮಾಡಿ

ಇಲ್ಲಿ ಕ್ರಮ ಮುಖ್ಯ. ಮೊದಲು ಕಾಯ್ದೆ, ಆಮೇಲೆ ಪರದೆ ಮತ್ತು ಕಾಗದ, ಆಮೇಲೆ ಬಾಯಿಮಾತು, ಕೊನೆಗೆ ಪದಕೋಶ. ಮೇಲಿನದರಲ್ಲಿ ಉತ್ತರ ಸಿಕ್ಕರೆ ಕೆಳಗಿನದಕ್ಕೆ ಹೋಗಬೇಡಿ.

ಕಾಯ್ದೆ. ಹಕ್ಕು, ದಂಡ, ಗಡುವು, ಮೇಲ್ಮನವಿ ಇವುಗಳ ಮಾತು ಬಂದರೆ ಕನ್ನಡ ಕಾಯ್ದೆಯಲ್ಲಿ ಇರುವ ಪದವನ್ನೇ ಹಾಕಿ. ನಿಮಗೆ ಅದಕ್ಕಿಂತ ಚೆಂದದ್ದು ಹೊಳೆದರೂ ಬೇಡ. ಆದರೆ ಒಂದು ಎಚ್ಚರ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರಂಥ ಕಾಯ್ದೆಗಳ ಕನ್ನಡದಲ್ಲಿ ಸೆಕ್ಷನ್‌ಗೆ ‘ಪ್ರಕರಣ’ ಎನ್ನುತ್ತಾರೆ. ಕಚೇರಿಯಲ್ಲಿ ಕೇಸ್‌ಗೂ ನಾವು ‘ಪ್ರಕರಣ’ ಎಂದೇ ಬರೆಯುತ್ತೇವೆ. ಹಾಗಾಗಿ ‘ಪ್ರಕರಣ 94ಸಿ ಅಡಿ ಬಾಕಿ ಇರುವ ಪ್ರಕರಣಗಳು’ ಎಂಬ ವಾಕ್ಯ ಹುಟ್ಟುತ್ತದೆ. ಇಲ್ಲಿ ಕಾಯ್ದೆಯ ಪದ ಅಲುಗಾಡಬಾರದು, ನಮ್ಮ ಪದ ಜಾಗ ಬಿಡಬೇಕು: ‘ಪ್ರಕರಣ 94ಸಿ ಅಡಿ ಬಾಕಿ ಇರುವ ಅರ್ಜಿಗಳು’.

ಪರದೆ ಮತ್ತು ಕಾಗದ. ಓದುಗರು ಒತ್ತಬೇಕಾದ, ಟೈಪ್ ಮಾಡಬೇಕಾದ, ಹುಡುಕಬೇಕಾದ ಪದ ಅಲ್ಲಿ ಹೇಗಿದೆಯೋ ಹಾಗೇ ಇರಲಿ. ಬಟನ್ ಮೇಲೆ `Submit` ಎಂದಿದ್ದರೆ ‘ಸಲ್ಲಿಸು ಗುಂಡಿ ಒತ್ತಿ’ ಎಂದು ಬರೆದರೆ ಪರದೆಯಲ್ಲಿ ಅಂಥ ಗುಂಡಿಯೇ ಇರುವುದಿಲ್ಲ. ಇದೇ ನಿಯಮ ಕನ್ನಡದ ಪರವಾಗಿಯೂ ಕೆಲಸ ಮಾಡುತ್ತದೆ. ಇ-ಸ್ವತ್ತು ಕಾಗದದ ಮೇಲೆ ‘ನಮೂನೆ 9’ ಎಂದು ಅಚ್ಚಾಗಿದ್ದರೆ ಜನ ‘ಫಾರಂ ನಂಬರ್ 9’ ಅಂದರೂ ನೀವು ನಮೂನೆ ಎಂದೇ ಬರೆಯಿರಿ.

ಫ್ರೂಟ್ಸ್ ಎಂಬುದು ಇಲ್ಲಿ ಒಳ್ಳೆಯ ಪಾಠ. ಅದು ರೈತರ ನೋಂದಣಿ ತಂತ್ರಾಂಶದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಪದ, ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಅನುವಾದ ಮಾಡಿದರೆ ನಗೆಪಾಟಲು. ಆದರೆ ‘ಫ್ರೂಟ್ಸ್‌ನಲ್ಲಿ ನೋಂದಾಯಿಸಿ’ ಎಂದಷ್ಟೇ ಬರೆದರೂ ಇದು ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರಿಗೆ ಅಂತ ಮೆಕ್ಕೆಜೋಳದವರು ಅಂದುಕೊಂಡರೆ ಅವರ ತಪ್ಪಲ್ಲ. ಹೆಸರು ಉಳಿಸಿ, ಪಕ್ಕದಲ್ಲಿ ಕೆಲಸ ಹೇಳಿ: ‘ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ, FID ಎಂದು ಶುರುವಾಗುವ ಗುರುತಿನ ಸಂಖ್ಯೆ’.

ಬಾಯಿಮಾತು. ಪತ್ರದಲ್ಲಿ ಆರ್‌ಟಿಸಿ ಎಂದಿದ್ದರೆ ಪಹಣಿ ಎಂದು ಬರೆಯಿರಿ. ಲ್ಯಾಂಡ್ ಪಾರ್ಸೆಲ್ ಎಂದಿದ್ದರೆ ‘ಭೂಭಾಗ’ ಬೇಡ, ‘ಸರ್ವೆ ನಂಬರ್ ಮತ್ತು ಹಿಸ್ಸಾ’ ಎನ್ನಿ. ಸರ್ವೆ ನಂಬರ್ ಇಂಗ್ಲಿಷ್ ಅಲ್ವಾ ಎಂದು ಕೇಳಬಹುದು. ಹೌದು, ಆದರೆ ಅದು ಹೊಲದ ಬದುವಿನ ಮೇಲೆ ನಿಂತು ಅಜ್ಜಂದಿರೂ ಆಡುವ ಮಾತು. ‘ಭೂಮಾಪನ ಸಂಖ್ಯೆ’ಗೆ ಬದಲಿಸಿ ಯಾರಿಗೂ ಉಪಕಾರವಿಲ್ಲ. ಹಾಗೆಯೇ ಪೋಡಿ, ಹದ್ದುಬಸ್ತು, ಪೌತಿ ಖಾತೆ ಇರುವಾಗ ಅವುಗಳ ಜಾಗಕ್ಕೆ ಮೇಲಿನ ಪತ್ರದ ಇಂಗ್ಲಿಷ್ ಪದ ತರುವುದೂ ತಪ್ಪೇ.

ಬಾಯಿಮಾತಿಗೆ ಒಂದು ಮಿತಿ ಇದೆ. ರೈತರು ಟ್ರಾನ್ಸ್‌ಫಾರ್ಮರ್‌ಗೆ ಟಿಸಿ ಅನ್ನುತ್ತಾರೆ; ಶಾಲೆಯಲ್ಲಿ ಟಿಸಿ ಅಂದರೆ ವರ್ಗಾವಣೆ ಪತ್ರ. ಜನ ಮಾತಾಡುವಾಗ ಸಂದರ್ಭ ಜೊತೆಗಿರುತ್ತದೆ, ಬೋರ್ಡಿಗೆ ಅಂಟಿಸಿದ ಕಾಗದಕ್ಕೆ ಅದು ಇರುವುದಿಲ್ಲ. ಅಲ್ಲಿ ‘ಟ್ರಾನ್ಸ್‌ಫಾರ್ಮರ್’ ಎಂದು ಪೂರ್ತಿ ಬರೆಯಬೇಕು.

ಪದಕೋಶ. ಮೂರರಲ್ಲೂ ಸಿಗದಿದ್ದರೆ ಮಾತ್ರ ತೆರೆಯಿರಿ. ಅಲ್ಲಿ ಸಿಕ್ಕ ಪದ ಮೂರು ಸಲ ಓದಿದರೂ ನಾಲಿಗೆಗೆ ಹತ್ತದಿದ್ದರೆ ಅದನ್ನು ಬಿಟ್ಟು ಕೆಲಸವನ್ನೇ ವಾಕ್ಯವಾಗಿ ಹೇಳಿ.

## ಹಂತ 4: ಒಂದು ಕನ್ನಡ ಪದ ಎರಡು ಕೆಲಸ ಹೊತ್ತಿದೆಯೇ ನೋಡಿ

ಹೆಚ್ಚು ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎರಡನೇ ಕರಡಿನಲ್ಲಿ ಸೀಡಿಂಗ್ ಮತ್ತು ಮ್ಯಾಪಿಂಗ್ ಎರಡೂ ‘ಜೋಡಣೆ’ ಆಗಿವೆ. ಆದರೆ ಬ್ಯಾಂಕಿನಲ್ಲಿ ನಡೆಯುವುದು ಎರಡು ಕೆಲಸ. ಮೊದಲನೆಯದು, ಬ್ಯಾಂಕ್ ತನ್ನ ದಾಖಲೆಯಲ್ಲಿ ರೈತರ ಖಾತೆಗೆ ಆಧಾರ್ ಸಂಖ್ಯೆ ಸೇರಿಸಿಕೊಳ್ಳುವುದು. ಎರಡನೆಯದು, ಈ ಆಧಾರ್ ಸಂಖ್ಯೆಗೆ ಬರುವ ಸರ್ಕಾರದ ಹಣ ತನ್ನ ಬ್ಯಾಂಕಿಗೆ ಬರಲಿ ಎಂದು ಎನ್‌ಪಿಸಿಐ ಪಟ್ಟಿಯಲ್ಲಿ ದಾಖಲಿಸುವುದು. ಒಬ್ಬರು ಮೂರು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿರಬಹುದು. ಎನ್‌ಪಿಸಿಐ ಪಟ್ಟಿಯಲ್ಲಿ ಮಾತ್ರ ಒಂದು ಆಧಾರ್‌ಗೆ ಒಂದು ಸಲಕ್ಕೆ ಒಂದೇ ಬ್ಯಾಂಕ್. ಕೊನೆಗೆ ಯಾವುದು ದಾಖಲಾಯಿತೋ ಹಣ ಅಲ್ಲಿಗೆ.

ಈಗ ‘ಆಧಾರ್ ಜೋಡಣೆ ಮಾಡಿಸಿ’ ಎಂದು ಓದಿದ ರೈತರು ಬ್ಯಾಂಕಿಗೆ ಹೋಗುತ್ತಾರೆ. ಕೌಂಟರ್‌ನಲ್ಲಿ ನೋಡಿ ‘ನಿಮ್ಮದು ಆಗಲೇ ಜೋಡಣೆ ಆಗಿದೆಯಲ್ಲ’ ಅನ್ನುತ್ತಾರೆ. ಅದು ಸುಳ್ಳಲ್ಲ, ಮೊದಲ ಕೆಲಸ ಆಗಿದೆ. ರೈತರು ವಾಪಸ್ ಬರುತ್ತಾರೆ, ಹಣ ಬರುವುದಿಲ್ಲ. ಇಲ್ಲಿ ಅನುವಾದವೇ ತಪ್ಪು ದಾರಿ ತೋರಿಸಿತು. ‘ಮ್ಯಾಪಿಂಗ್’ ಉಳಿಸಿದ್ದರೆ ಅರ್ಥವಾಗದಿದ್ದರೂ ಕೌಂಟರ್‌ನಲ್ಲಿ ಆ ಪದವನ್ನು ಹೇಳಿ ಕೆಲಸ ಮಾಡಿಸಿಕೊಳ್ಳಬಹುದಿತ್ತು.

ಹಾಗಂತ ಇಂಗ್ಲಿಷ್ ಉಳಿಸಿದರೆ ಎಲ್ಲ ಸರಿ ಅಂದುಕೊಳ್ಳಬೇಡಿ. ಮೇಲಿನ ಪತ್ರಗಳಲ್ಲೇ ಸೀಡಿಂಗ್ ಪದವನ್ನು ಎರಡೂ ಅರ್ಥದಲ್ಲಿ ಬಳಸುತ್ತಾರೆ. ಆಧಾರ್ ತಾಣದಲ್ಲಿ `Bank Seeding Status` ಎಂಬ ಜಾಗದಲ್ಲಿ ಕಾಣುವುದು ಎರಡನೆಯ ಕೆಲಸದ ಸ್ಥಿತಿಯೇ, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗುತ್ತದೆ ಎಂಬುದು. ಕೆವೈಸಿಯದೂ ಇದೇ ಕಥೆ. ಬ್ಯಾಂಕಿನ ಕೆವೈಸಿ ಬೇರೆ, ಪಡಿತರ ಚೀಟಿಯ ಇ-ಕೆವೈಸಿ ಬೇರೆ, ಪಿಎಂ ಕಿಸಾನ್ ಇ-ಕೆವೈಸಿ ಬೇರೆ. ಬರೀ ‘ಇ-ಕೆವೈಸಿ ಮಾಡಿಸಿ’ ಎಂದರೆ ಒಬ್ಬರು ರೇಷನ್ ಅಂಗಡಿಗೆ ಹೋಗುತ್ತಾರೆ, ಇನ್ನೊಬ್ಬರು ಬ್ಯಾಂಕಿಗೆ. ಆದ್ದರಿಂದ ಉಳಿಸುವ ಪದಕ್ಕೂ ಮುಂದೆ ಯಾವುದರದ್ದು ಎಂದು ಸೇರಿಸಲೇಬೇಕು. ಮೂಲ ಪತ್ರದಲ್ಲಿ ಅದು ಸ್ಪಷ್ಟವಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ; ಪತ್ರ ಕಳಿಸಿದ ಶಾಖೆಗೆ ಫೋನ್ ಮಾಡಿ ಯಾವ ಕೆಲಸ ಬಾಕಿ ಇದೆ ಎಂದು ಕೇಳಿ.

ಹೀಗೆ ಎರಡು ಹೊರೆ ಹೊತ್ತ ಇನ್ನೆರಡು ಪದ ನಮ್ಮ ಸುತ್ತೋಲೆಯಲ್ಲೇ ಕಾದು ಕೂತಿವೆ. ಒಂದು ‘ಖಾತೆ’. ಬ್ಯಾಂಕಿನದೂ ಖಾತೆ, ಜಮೀನಿನದೂ ಖಾತೆ. ‘ಜಂಟಿ ಖಾತೆ ಹೊಂದಿರುವ ರೈತರು’ ಎಂದರೆ ಅಣ್ಣತಮ್ಮಂದಿರ ಹೆಸರಲ್ಲಿ ಒಂದೇ ಪಹಣಿ ಇರುವವರೋ, ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಬ್ಯಾಂಕ್ ಪಾಸ್‌ಬುಕ್ ಇರುವವರೋ? ಪರಿಹಾರದ ವಿಷಯದಲ್ಲಿ ಎರಡೂ ಸಾಧ್ಯ. ಇಂಥ ಕಡೆ ‘ಬ್ಯಾಂಕ್ ಖಾತೆ’, ‘ಜಮೀನಿನ ಖಾತೆ’ ಎಂದು ಪ್ರತಿ ಸಲವೂ ಬರೆಯಬೇಕು. ಪುನರಾವರ್ತನೆ ಆಯಿತು ಅಂತ ನಾಚಿಕೆ ಬೇಡ.

ಇನ್ನೊಂದು ‘ದೃಢೀಕರಣ’. ಅಧಿಕಾರಿ ಸಹಿ ಮಾಡಿದ ಜೆರಾಕ್ಸ್‌ಗೆ ದೃಢೀಕೃತ ಪ್ರತಿ ಎನ್ನುತ್ತೇವೆ. ಬೆರಳಚ್ಚು ಅಥವಾ ಓಟಿಪಿ ಕೊಟ್ಟು ಆಧಾರ್ ಖಚಿತಪಡಿಸುವುದಕ್ಕೂ ದೃಢೀಕರಣ ಎನ್ನುತ್ತೇವೆ. ಎರಡನೇ ಕರಡಿನಲ್ಲಿ ವೆರಿಫೈ ಕೂಡ ‘ದೃಢೀಕರಿಸಿ’ ಆಗಿಬಿಟ್ಟಿದೆ. ತಾಳೆಯಾಗದ ದಾಖಲೆಯನ್ನು ದೃಢೀಕರಿಸುವುದು ಎಂದರೆ ಅದೇ ಸರಿ ಎಂದು ಸಹಿ ಹಾಕಿದ ಹಾಗೆ! ಅಲ್ಲಿ ಬೇಕಾದದ್ದು ‘ಪರಿಶೀಲಿಸಿ’.

ಪರೀಕ್ಷೆ ಮಾಡುವ ವಿಧಾನ ಸುಲಭ. ಮೂಲ ಪತ್ರ ನೋಡದ ಸಹೋದ್ಯೋಗಿಗೆ ನಿಮ್ಮ ಕನ್ನಡ ಕೊಟ್ಟು, ಗೆರೆ ಎಳೆದ ಪದಗಳ ಇಂಗ್ಲಿಷ್ ಏನಿರಬಹುದು ಎಂದು ಕೇಳಿ. ಎರಡು ಬೇರೆ ಪದಕ್ಕೆ ಅವರು ಒಂದೇ ಉತ್ತರ ಕೊಟ್ಟರೆ ಅಲ್ಲಿ ತಿದ್ದಬೇಕು.

## ಹಂತ 5: ಉಳಿಸಿದ ಪದವನ್ನು ಬರೆಯುವ ಬಗೆ

ಒಂದು ಪದಕ್ಕೆ ಕಾಗದದುದ್ದಕ್ಕೂ ಒಂದೇ ಕಾಗುಣಿತ. ವಿಷಯದ ಸಾಲಿನಲ್ಲಿ ‘ಓಟಿಪಿ’, ಒಳಗೆ ‘ಒ.ಟಿ.ಪಿ’ ಆದರೆ ಕಂಪ್ಯೂಟರ್‌ನಲ್ಲಿ ಕಡತ ಹುಡುಕುವಾಗ ಅರ್ಧ ಸಿಗುವುದಿಲ್ಲ. ಮೊದಲ ಸಲ ಬಂದಾಗ ಒಂದು ಸಣ್ಣ ವಿವರಣೆ ಕೊಡಿ, ಆಮೇಲೆ ಪದ ಮಾತ್ರ.

ಟೈಪ್ ಮಾಡಬೇಕಾದ ಸಂಕೇತಗಳಲ್ಲಿ ಕನ್ನಡ ಅಂಕಿ, ಕನ್ನಡ ಅಕ್ಷರ ಬೇಡವೇ ಬೇಡ. ಐಎಫ್‌ಎಸ್‌ಸಿ ಎಂದು ಹೆಸರು ಕನ್ನಡದಲ್ಲಿ ಬರೆಯಿರಿ. ಸಂಕೇತವನ್ನು ಮಾತ್ರ ಪಾಸ್‌ಬುಕ್‌ನಲ್ಲಿ ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲಿ ಒಟ್ಟು 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಬಹಳ ಜನ ಅದನ್ನು ಇಂಗ್ಲಿಷ್ ಓ ಅಂದುಕೊಂಡು ತಪ್ಪು ಬರೆಯುತ್ತಾರೆ. ಅಳತೆ, ದರ್ಜೆಗಳನ್ನೂ ಮುಟ್ಟಬೇಡಿ: 25 ಕೆವಿಎ ಎಂದರೆ 25 ಕೆವಿಎ.

## ಹಂತ 6: ಗಟ್ಟಿಯಾಗಿ ಓದಿ, ‘ಈಗ ಎಲ್ಲಿಗೆ ಹೋಗ್ತೀರಿ?’ ಎಂದು ಕೇಳಿ

ಪ್ರಕಟಣೆಯನ್ನು ಊರಲ್ಲಿ ಡಂಗುರ ಸಾರಿಸಿದರೆ ಹೇಗೆ ಕೇಳಿಸುತ್ತದೋ ಹಾಗೆ ಓದಬೇಕು. ಕಚೇರಿಗೆ ಬೇರೆ ಕೆಲಸಕ್ಕೆ ಬಂದ ಒಬ್ಬ ರೈತರನ್ನು ಕೂರಿಸಿಕೊಂಡು ಓದಿ ಹೇಳಿ. ‘ಅರ್ಥ ಆಯ್ತಾ ಯಜಮಾನ್ರೇ?’ ಎಂದು ಕೇಳಬೇಡಿ, ಎಲ್ಲರೂ ‘ಆತ್ರೀ’ ಎಂದೇ ಹೇಳುತ್ತಾರೆ. ‘ಈಗ ಎಲ್ಲಿಗೆ ಹೋಗ್ತೀರಿ, ಏನು ತಗೊಂಡು ಹೋಗ್ತೀರಿ, ಅಲ್ಲಿ ಏನಂತ ಕೇಳ್ತೀರಿ?’ ಎಂದು ಕೇಳಿ. ಮೂರಕ್ಕೂ ಉತ್ತರ ಬಂದರೆ ಪದಗಳು ಸರಿ ಇವೆ.

ನಮ್ಮ ಸುತ್ತೋಲೆ ಈ ಹಂತಗಳನ್ನು ದಾಟಿ ಎರಡು ತುಂಡಾಗಿ ಹೀಗೆ ನಿಲ್ಲುತ್ತದೆ. ಸಿಬ್ಬಂದಿಗೆ:

> ಬೆಳೆ ಪರಿಹಾರ ಜಮೆಯಾಗದೆ ಬಾಕಿ ಇರುವ ರೈತರ ಪಟ್ಟಿ ಲಗತ್ತಿಸಿದೆ. ಪಟ್ಟಿಯ ‘ಅ’ ಭಾಗದ ರೈತರಿಂದ ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸೇರಿಸಿರುವುದಷ್ಟೇ ಸಾಲದು. ‘ಆ’ ಭಾಗದಲ್ಲಿ ಪಹಣಿ ಮತ್ತು ಫ್ರೂಟ್ಸ್ ದಾಖಲೆಯ ಸರ್ವೆ ನಂಬರ್, ಹಿಸ್ಸಾ ತಾಳೆಯಾಗಿಲ್ಲ. ಇವುಗಳನ್ನು ಪರಿಶೀಲಿಸಿ ಅನುಪಾಲನಾ ವರದಿ ಸಲ್ಲಿಸಬೇಕು.

ರೈತರಿಗೆ, ಬೋರ್ಡಿಗೆ:

> ಬೆಳೆ ಪರಿಹಾರದ ಹಣ ಬಾರದ ರೈತರು ಆಧಾರ್ ಕಾರ್ಡ್ ಮತ್ತು ಪಾಸ್‌ಬುಕ್ ತೆಗೆದುಕೊಂಡು, ಹಣ ಬರಬೇಕಾದ ಬ್ಯಾಂಕಿಗೆ ಹೋಗಿ. ‘ಸರ್ಕಾರದ ಹಣ ಇದೇ ಬ್ಯಾಂಕಿಗೆ ಬರುವಂತೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದು ಕೇಳಿ. ನಿಮ್ಮ ಪಹಣಿಯ ಸರ್ವೆ ನಂಬರ್ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಸೇರಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

ರೈತರ ಪ್ರಕಟಣೆಯಲ್ಲಿ ವಿವರಣೆಯಿಲ್ಲದೆ ಉಳಿದ ಅಪರಿಚಿತ ಪದ ‘ಎನ್‌ಪಿಸಿಐ ಮ್ಯಾಪಿಂಗ್’ ಒಂದೇ. ಅದು ಕೌಂಟರ್‌ನಲ್ಲಿ ಹೇಳಬೇಕಾದ ಮಾತಾದ್ದರಿಂದ ಹೇಳಬೇಕಾದ ವಾಕ್ಯದ ಒಳಗೇ ಇದೆ.

## ಕಳಿಸಿದ ಮೇಲೆ ಗಮನಿಸಬೇಕಾದ ಸೂಚನೆಗಳು

ಸುತ್ತೋಲೆ ತಲುಪಿದ ಮೊದಲ ವಾರ ಕೆಲವು ಸಂಗತಿ ನೋಡಿ. ಸಿಬ್ಬಂದಿ ನಿಮ್ಮ ಕನ್ನಡ ಪದದ ಮೇಲೆ ಪೆನ್ಸಿಲ್‌ನಲ್ಲಿ ಇಂಗ್ಲಿಷ್ ಬರೆದುಕೊಂಡಿದ್ದರೆ ಆ ಪದ ಕೆಲಸ ಮಾಡಿಲ್ಲ. ಮೂರು ಹೋಬಳಿಯಿಂದ ಒಂದೇ ಪ್ರಶ್ನೆ ಬಂದರೆ ಓದುವವರನ್ನು ಬಯ್ಯದೆ ತಿದ್ದುಪಡಿ ಸುತ್ತೋಲೆ ಹೊರಡಿಸಿ. ಫೋನ್‌ನಲ್ಲಿ ಹೇಳಿದ್ದು ಕಡತದಲ್ಲಿ ಉಳಿಯುವುದಿಲ್ಲ. ರೈತರು ತಪ್ಪು ಕಾಗದ ಹಿಡಿದು ಬರುತ್ತಿದ್ದರೆ ಪದ ಅರ್ಥವಾಗಿದೆ, ಆದರೆ ಬೇರೆ ಅರ್ಥವಾಗಿದೆ. ಇದನ್ನು ಪತ್ತೆ ಮಾಡುವುದು ಕಷ್ಟ, ಯಾಕೆಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

## ಹಂತ 7: ಒಂದು ಪುಟದ ಪಟ್ಟಿ ಇಟ್ಟುಕೊಳ್ಳಿ

ತೀರ್ಮಾನ ಮಾಡಿದ ಪದಗಳನ್ನು ಶಾಖೆಯಲ್ಲಿ ಒಂದು ಕಡೆ ಬರೆದಿಡಿ. ಮೂಲ ಪದ, ನಾವು ಬಳಸುವ ರೂಪ, ಕಾರಣದ ಅಕ್ಷರ (ಕಾ, ಪ, ಬಾ), ತಾರೀಖು. ಕಾರಣದ ಅಕ್ಷರ ಬಿಡಬೇಡಿ. ‘ಪ’ ಎಂದು ಗುರುತಿಸಿದ ಪದಗಳನ್ನು ತಂತ್ರಾಂಶ ಬದಲಾದಾಗಲೆಲ್ಲ ಮತ್ತೆ ನೋಡಬೇಕಾಗುತ್ತದೆ. ಪರದೆ ಕನ್ನಡಕ್ಕೆ ಬಂದ ದಿನ ನಾವು ಉಳಿಸಿದ್ದ ಇಂಗ್ಲಿಷ್ ಪದವೂ ಹೋಗಬೇಕು. ವಿಷಯ ನಿರ್ವಾಹಕರು ವರ್ಗವಾಗಿ ಹೋಗುವಾಗ ಪ್ರಭಾರ ಪಟ್ಟಿಯಲ್ಲಿ ಈ ಪುಟವನ್ನೂ ಸೇರಿಸಿ ಸಹಿ ತೆಗೆದುಕೊಳ್ಳಿ.